ನೋಟಿಸಿನ ಮೇಲೆ ನಾಲ್ಕು ದಿನ

ಆ ಆಸ್ಪತ್ರೆಯಲ್ಲಿ ರೂಲ್ಸಣ್ಣನಿಗೆ ಸ್ವಂತದ್ದೊಂದು ಹೆಸರಿದೆ ಎಂಬುದು ಸಂಬಳದ ಚೀಟಿಯಿಂದ ಮಾತ್ರ ತಿಳಿಯುತ್ತಿತ್ತು. ಆ ಚೀಟಿ ತಯಾರಿಸುವವನು ಅವನೇ ಆದ್ದರಿಂದ ಆ ಹೆಸರನ್ನು ಓದುವವನೂ ಅವನೊಬ್ಬನೇ. ದೊಡ್ಡ ಡಾಕ್ಟರಿಂದ ಹಿಡಿದು ಆಂಬುಲೆನ್ಸ್ ಡ್ರೈವರ್ ತನಕ ಎಲ್ಲರಿಗೂ ಅವನು ರೂಲ್ಸಣ್ಣ. ಮೊದಲು ಬೆನ್ನ ಹಿಂದೆ ಆಡಿಕೊಳ್ಳಲು ಹುಟ್ಟಿದ ಹೆಸರು. ಅದು ಒಂದು ದಿನ ಅವನ ಕಿವಿಗೆ ಬಿದ್ದಾಗ ಅವನು ಅದನ್ನು ಬಿರುದು ಎಂದು ಭಾವಿಸಿ ಒಪ್ಪಿಕೊಂಡುಬಿಟ್ಟ. ಆಮೇಲೆ ಆಡಿಕೊಳ್ಳುವವರಿಗೇ ಮಜಾ ಹೋಯಿತು.

ಅವನ ಕೋಣೆ ಕೆಳಮಹಡಿಯಲ್ಲಿ, ಎಕ್ಸ್-ರೇ ಕೋಣೆಯ ಪಕ್ಕಕ್ಕಿತ್ತು. ಎದುರಿಗೆ ಗಾಜು, ಗಾಜಿನಲ್ಲಿ ಅರ್ಧಚಂದ್ರದ ಒಂದು ಕಿಂಡಿ. ಕಿಂಡಿಯನ್ನು ಬಡಗಿ ಎಷ್ಟು ಕೆಳಗೆ ಕೊರೆದಿದ್ದನೆಂದರೆ ಸಂಬಳದ ವಿಷಯ ಕೇಳಲು ಬಂದವರೆಲ್ಲ ಸೊಂಟ ಬಗ್ಗಿಸಲೇಬೇಕು. ಅದು ಬಡಗಿಯ ತಪ್ಪು ಎಂದು ರೂಲ್ಸಣ್ಣ ಹೇಳುತ್ತಿದ್ದ; ಸರಿಮಾಡಿಸುವ ಗೋಜಿಗೆ ಮಾತ್ರ ಹೋಗಿರಲಿಲ್ಲ.

ಹಾಜರಿ, ರಜೆ, ಸಂಬಳ, ಎಲ್ಲವೂ ಅವನ ಕೈಯಲ್ಲೇ. ಆದರೆ ಅವನಿಗೆ ನಿಜವಾಗಿ ಪ್ರಿಯವಾದದ್ದು ಕೊನೆಯ ಲೆಕ್ಕ. ಅಂದರೆ, ಕೆಲಸ ಬಿಟ್ಟು ಹೋಗುವವರು ಉಳಿಸಿಟ್ಟ ಗಳಿಕೆ ರಜೆಯನ್ನು ಹಣಕ್ಕೆ ತಿರುಗಿಸುವ ಲೆಕ್ಕ. ಒಂದು ದಿನದ ದರ ಎಷ್ಟು, ಉಳಿದ ರಜೆ ಎಷ್ಟು, ಎರಡನ್ನೂ ಗುಣಿಸಿದರೆ ಎಷ್ಟು. ಮೂರನೇ ತರಗತಿಯ ಮಗು ಮಾಡಬಹುದಾದ ಲೆಕ್ಕ. ಆದರೆ ದರ ಎಂದರೆ ಯಾವ ದರ, ಉಳಿದದ್ದು ಎಂದರೆ ಯಾವ ದಿನಕ್ಕೆ ಉಳಿದದ್ದು ಎಂದು ಕೇಳಿದರೆ ದೊಡ್ಡವರಿಗೂ ಬೆವರು. ರೂಲ್ಸಣ್ಣನಿಗೆ ಮಾತ್ರ ಬೆವರಿರಲಿಲ್ಲ. ನಿಯಮಾವಳಿಯನ್ನು ಅವನು ಕನ್ನಡಕ ಹಾಕದೆಯೇ ಓದಬಲ್ಲವನಾಗಿದ್ದ, ಏಕೆಂದರೆ ಓದುತ್ತಿರಲಿಲ್ಲ, ಒಪ್ಪಿಸುತ್ತಿದ್ದ. "ನಮ್ಮ ಹತ್ರ ಮುಖ ನೋಡಿ ಮಣೆ ಹಾಕೋ ಪದ್ಧತಿ ಇಲ್ಲ" ಎನ್ನುವುದು ಅವನು ಕಿಂಡಿಯಿಂದ ದಿನಕ್ಕೊಮ್ಮೆಯಾದರೂ ಹೊರಗೆ ಬಿಡುತ್ತಿದ್ದ ಮಾತು.

ಹೀಗಿರುವಾಗ ಅವನ ಸ್ವಂತ ಅಕ್ಕನೇ ರಾಜೀನಾಮೆ ಕೊಟ್ಟಳು.

ಅಕ್ಕ ಅದೇ ಆಸ್ಪತ್ರೆಯ ಬಟ್ಟೆ ಕೋಣೆಯ ಮೇಲ್ವಿಚಾರಕಿ. ಹಾಸಿಗೆ ಬಟ್ಟೆ, ಆಪರೇಷನ್ ಗೌನು, ದಿಂಬಿನ ಚೀಲ, ಇವೆಲ್ಲ ಎಣಿಕೆಯಾಗಿ ಹೋಗಿ ಎಣಿಕೆಯಾಗಿ ಬರಬೇಕು, ಹರಿದದ್ದು ಹೊಲಿಗೆಯಾಗಬೇಕು. ತಮ್ಮನಿಗಿಂತ ಏಳು ವರ್ಷ ದೊಡ್ಡವಳು, ಕೆಲಸಕ್ಕೂ ಅವನಿಗಿಂತ ಮೊದಲು ಸೇರಿದವಳು. ತಾನು ಸಂದರ್ಶನದಲ್ಲಿ ಗೆದ್ದು ಬಂದವನು ಎಂದು ರೂಲ್ಸಣ್ಣ ಹೇಳಿಕೊಂಡರೆ, "ಅರ್ಜಿಗೆ ಫೋಟೋ ಸರಿಯಾಗಿ ಅಂಟಿಸಿದ್ದು ನಾನು, ಇವನು ತಲೆಕೆಳಗಾಗಿ ಅಂಟಿಸಿ ತಂದಿದ್ದ" ಎಂದು ಅಕ್ಕ ಬಟ್ಟೆ ಕೋಣೆಯಿಡೀ ನಗಿಸುತ್ತಿದ್ದಳು. ಚಿಕ್ಕಂದಿನಲ್ಲಿ ಬಾಳೆಹಣ್ಣು ಎರಡು ಭಾಗ ಮಾಡಿ ದೊಡ್ಡದನ್ನು ಇವನಿಗೆ ಕೊಟ್ಟರೆ ಇವನು ದಾರ ತಂದು ಅಳೆದು, ಸಮ ಇಲ್ಲ ಎಂದು ಅಳುತ್ತಿದ್ದನಂತೆ. ತನಗೆ ಹೆಚ್ಚು ಬಂದಿದ್ದಕ್ಕೂ ಅಳುವ ಮಗುವನ್ನು ಅವಳು ಅದಕ್ಕೆ ಮೊದಲು ನೋಡಿರಲಿಲ್ಲ.

ಅವಳು ಕೆಲಸ ಬಿಡುತ್ತಿದ್ದದ್ದು ಒಂದು ಹೊಲಿಗೆ ಅಂಗಡಿಗಾಗಿ. ಮಾರುಕಟ್ಟೆಯ ಮೂಲೆಯಲ್ಲಿ ಒಬ್ಬ ಮುದಿ ದರ್ಜಿ, ಕಣ್ಣು ಮಂದವಾಗಿ ಸೂಜಿಗೆ ದಾರ ಪೋಣಿಸಲಾಗದೆ, ಎರಡು ಯಂತ್ರಗಳ ಸಮೇತ ಅಂಗಡಿಯನ್ನು ಭೋಗ್ಯಕ್ಕೆ ಕೊಡಲು ಒಪ್ಪಿದ್ದ. ಮುಂಗಡ ನಲವತ್ತು ಸಾವಿರ. ಮುಂದಿನ ತಿಂಗಳ ಐದನೇ ತಾರೀಖು ಸಂಜೆಯೊಳಗೆ ಕೊಡಬೇಕು. ಕೊಡದಿದ್ದರೆ ಪಕ್ಕದ ಪಾತ್ರೆ ಅಂಗಡಿಯವನು ಅದನ್ನು ಗೋದಾಮು ಮಾಡಿಕೊಳ್ಳಲು ಬಾಗಿಲಲ್ಲೇ ನಿಂತಿದ್ದ. ಗ್ರಾಚ್ಯುಟಿ, ಭವಿಷ್ಯನಿಧಿ ಎಲ್ಲ ಕೈಗೆ ಬರಲು ತಿಂಗಳುಗಳು ಬೇಕು. ಐದನೇ ತಾರೀಖಿಗೆ ಬರುವುದೆಂದರೆ ರಜೆಯ ಹಣ ಒಂದೇ. ಅಕ್ಕ ಇಪ್ಪತ್ತು ವರ್ಷ ನೆಗಡಿ, ಜ್ವರ, ಮದುವೆ, ಮುಂಜಿ ಯಾವುದಕ್ಕೂ ಹೆಚ್ಚು ರಜೆ ಹಾಕದೆ ಉಳಿಸಿಕೊಂಡಿದ್ದಳು.

ನೋಟಿಸಿನ ತಿಂಗಳು ಮುಗಿಯಲು ಎರಡು ದಿನ ಇದ್ದಾಗ ಅಕ್ಕ ಸಂಜೆ ತಮ್ಮನ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಲೆಕ್ಕ ಶುರುಮಾಡಿದಳು.

"ನೋಡೋ, ನನ್ನ ಒಟ್ಟು ಸಂಬಳ ಇಪ್ಪತ್ತು ಸಾವಿರದ ಐನೂರ ನಲವತ್ತು. ಇಪ್ಪತ್ತಾರು ಕೆಲಸದ ದಿನದಿಂದ ಭಾಗಿಸಿದ್ರೆ ದಿನಕ್ಕೆ ಏಳುನೂರ ತೊಂಬತ್ತು. ಐವತ್ತೆರಡು ದಿನ ರಜೆ ಉಳಿದಿದೆ. ನಲವತ್ತೊಂದು ಸಾವಿರದ ಎಂಬತ್ತು. ದರ್ಜಿಗೆ ನಲವತ್ತು ಕೊಟ್ಟು, ಉಳಿದಿದ್ರಲ್ಲಿ ನಿನಗೊಂದು ಪ್ಯಾಂಟು ಹೊಲಿದುಕೊಡ್ತೀನಿ."

ರೂಲ್ಸಣ್ಣ ಗಂಟಲು ಸರಿಮಾಡಿಕೊಂಡ. ಮನೆಯಲ್ಲಿ ಕಿಂಡಿ ಇರಲಿಲ್ಲವಾದರೂ ಅವನ ಮುಖ ಕಿಂಡಿಯ ಹಿಂದೆ ಹೋಯಿತು.

"ಒಟ್ಟು ಸಂಬಳ ಹಿಡಿಯೋ ಹಾಗಿಲ್ಲ ಅಕ್ಕ. ರಾತ್ರಿ ಪಾಳಿ ಭತ್ಯೆ, ಸಮವಸ್ತ್ರ ಒಗೆಯೋ ಭತ್ಯೆ, ಓಡಾಟದ ಭತ್ಯೆ ಎಲ್ಲ ತೆಗೀಬೇಕು. ಮೂಲ ವೇತನ, ತುಟ್ಟಿಭತ್ಯೆ, ಇವೆರಡೇ. ಹದಿನೆಂಟು ಸಾವಿರದ ಇನ್ನೂರು. ದಿನಕ್ಕೆ ಏಳುನೂರು. ಐವತ್ತೆರಡಕ್ಕೆ ಮೂವತ್ತಾರು ಸಾವಿರದ ನಾನೂರು."

ಅಕ್ಕ ಬೆರಳು ಮಡಿಸಿದಳು, ಬಿಡಿಸಿದಳು. "ಮೂರು ಸಾವಿರದ ಆರುನೂರು ಕಮ್ಮಿ."

"ಇನ್ನೊಂದು ವಿಷಯ ಇದೆ."

"ಇನ್ನೂ ಇದೆಯಾ? ಹೇಳಪ್ಪ. ಒಂದೇ ಸಲ ಕತ್ತು ಕೊಯ್ದುಬಿಡು."

"ನೋಟಿಸಿನಲ್ಲಿದ್ದಾಗ ನೀನು ನಾಲ್ಕು ದಿನ ರಜೆ ಹಾಕಿದ್ದೆ. ಅಂಗಡಿಗೆ ಬಣ್ಣ ಹೊಡೆಸೋಕೆ. ಆ ನಾಲ್ಕನ್ನ ಉಳಿಕೆಯಿಂದ ಕಳೆದೇ ಐವತ್ತೆರಡು ಅಂದಿದ್ದು, ಅದು ಸರಿ. ಆದ್ರೆ ನೋಟಿಸಿನ ಒಳಗೆ ರಜೆ ಹಾಕಿದ್ರೆ ನೋಟಿಸು ಅಷ್ಟು ದಿನ ಮುಂದಕ್ಕೆ ಹೋಗುತ್ತೆ. ಒಂದನೇ ತಾರೀಖಿಂದ ನಾಲ್ಕರ ತನಕ ನೀನು ಬರಬೇಕು."

"ಸಾಹೇಬ್ರು ಹೂಂ ಅಂದಿದ್ರಲ್ಲೋ! 'ಹೋಗಿ ಬನ್ನಿ, ನೋಟಿಸಿನ ಪಾಡಿಗೆ ನೋಟಿಸು ಮುಗೀಲಿ' ಅಂದ್ರು. ನಾನೇ ಕಿವಿಯಾರೆ ಕೇಳಿದ್ದು."

"ಬರೆದುಕೊಟ್ರಾ?"

ಆಡಳಿತಾಧಿಕಾರಿ ಸಾಹೇಬರು ಯಾವುದನ್ನೂ ಬರೆದುಕೊಡುವವರಲ್ಲ ಎನ್ನುವುದು ಆಸ್ಪತ್ರೆಯ ಗೋಡೆಗಳಿಗೂ ಗೊತ್ತು. ಅವರು ಎಲ್ಲವನ್ನೂ ಬಾಯಲ್ಲೇ ಹೇಳುತ್ತಿದ್ದರು, ಅದೂ ನಡೆಯುತ್ತಾ, ಮುಂದಿನ ತಿರುವಿಗೆ ಅರ್ಧ ದೇಹ ದಾಟಿದ ಮೇಲೆ. ಮಾತು ಒಳ್ಳೆಯದಾದರೆ ತಮ್ಮದು, ಕೆಟ್ಟರೆ ಕೇಳಿಸಿಕೊಂಡವನದು. ಬರೆದದ್ದು ನಾಳೆ ಎದುರಿಗೆ ಬಂದು ನಿಲ್ಲುತ್ತದೆ ಎಂಬುದು ಅವರ ಆಡಳಿತದ ಮೂಲಮಂತ್ರ.

ಅಡುಗೆಮನೆಯಿಂದ ರೂಲ್ಸಣ್ಣನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. "ರೀ, ನಿಮಗೆ ಅತ್ತಿಗೆ ಮೇಲೇನಾದ್ರೂ ಹಳೇ ಸಿಟ್ಟಿದ್ಯಾ? ನಾಲ್ಕು ದಿನ ತಾನೇ, ಕಣ್ಣು ಮುಚ್ಕೊಳ್ಳಿ. ಬೇರೆಯವರ ಮನೇಲಿ ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಏನೇನೋ ಮಾಡ್ತಾರೆ."

"ಬೇರೆಯವರ ಮನೇಲಿ ರೂಲ್ಸಣ್ಣ ಇರಲ್ಲ" ಎಂದ ಅವನು, ಹೆಮ್ಮೆಯಿಂದಲೇ.

"ಅದು ಅವರ ಪುಣ್ಯ."

ಅಕ್ಕ ಎದ್ದಳು. ಚಪ್ಪಲಿ ಹಾಕಿಕೊಳ್ಳುತ್ತ ಒಂದೇ ಮಾತು ಕೇಳಿದಳು. "ಬೇರೆ ಯಾರಾದ್ರೂ ಆಗಿದ್ರೂ ಹೀಗೇ ಮಾಡ್ತಿದ್ಯಾ?"

"ಖಂಡಿತ" ಎಂದ ರೂಲ್ಸಣ್ಣ. ಅದು ಎಷ್ಟು ಬೇಗ ಬಾಯಿಂದ ಹೊರಬಿತ್ತೆಂದರೆ ಅವನಿಗೇ ಅನುಮಾನ ಬಂತು.

ಒಂದನೇ ತಾರೀಖು ಅಕ್ಕ ಕೆಲಸಕ್ಕೆ ಬಂದಳು. ಹಾಜರಿಗೆ ಸಹಿ ಹಾಕಿದಳು, ಕಿಂಡಿಯ ಕಡೆ ತಿರುಗಿಯೂ ನೋಡದೆ ಬಟ್ಟೆ ಕೋಣೆಗೆ ನಡೆದಳು. ಮಧ್ಯಾಹ್ನ ಊಟಕ್ಕೆ ಇಬ್ಬರೂ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಕೂರುವುದು ವರ್ಷಗಳ ಅಭ್ಯಾಸ. ಅಂದು ಅವಳು ಡಬ್ಬಿ ತೆಗೆದುಕೊಂಡು ಒಗೆಯುವ ಯಂತ್ರಗಳ ಗದ್ದಲದ ನಡುವೆಯೇ ಉಂಡಳು. ರೂಲ್ಸಣ್ಣ ಬೆಂಚಿನಲ್ಲಿ ಒಬ್ಬನೇ ಕೂತು, ನಿಯಮಕ್ಕಾಗಿ ಬಂಧುತ್ವವನ್ನೇ ಕಳೆದುಕೊಂಡ ಮಹಾತ್ಮನ ಭಂಗಿಯಲ್ಲಿ ತುತ್ತು ನುಂಗಿದ. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಭಂಗಿ ಬೇಗ ಸಡಿಲವಾಯಿತು.

ಎರಡನೇ ತಾರೀಖು, ಆಸ್ಪತ್ರೆ ನಡೆಸುವ ಟ್ರಸ್ಟಿನ ಸುತ್ತೋಲೆ ಬಂತು. ಮೂರು ವರ್ಷದಿಂದ ಇವತ್ತು ನಾಳೆ ಎನ್ನುತ್ತಿದ್ದ ವೇತನ ಪರಿಷ್ಕರಣೆ ಕೊನೆಗೂ ಆಗಿತ್ತು. ಈ ತಿಂಗಳ ಒಂದನೇ ತಾರೀಖಿಗೆ ಹಾಜರಿಯಲ್ಲಿರುವ ಎಲ್ಲ ಸಿಬ್ಬಂದಿಗೂ ಆ ದಿನದಿಂದಲೇ ಜಾರಿ. ನರ್ಸುಗಳು ಕಾರಿಡಾರಿನಲ್ಲಿ ತಬ್ಬಿಕೊಂಡರು. ಡ್ರೈವರ್ ಆಂಬುಲೆನ್ಸಿನ ಹಾರ್ನು ಹೊಡೆದು ಮೇಟ್ರನ್ನಿಂದ ಬೈಸಿಕೊಂಡ. ರೂಲ್ಸಣ್ಣ ಕಚೇರಿ ಬಾಗಿಲು ಹಾಕಿಕೊಂಡು ಹೊಸ ವೇತನದ ಪಟ್ಟಿ ಮಾಡಲು ಕುಳಿತ.

ಮೂರನೇ ತಾರೀಖು ಮಧ್ಯಾಹ್ನ ಪಟ್ಟಿಯಲ್ಲಿ ಬಟ್ಟೆ ಕೋಣೆ ಬಂತು. ಮೇಲ್ವಿಚಾರಕಿಯ ಹೆಸರಿನ ಮುಂದೆ ಅವನ ಕೈ ನಿಂತಿತು.

ಒಂದನೇ ತಾರೀಖಿಗೆ ಅಕ್ಕ ಹಾಜರಿಯಲ್ಲಿದ್ದಳು. ಇದ್ದದ್ದು ಇವನೇ ಹಿಡಿದು ನಿಲ್ಲಿಸಿದ್ದರಿಂದ.

ಅವನು ಹೊಸ ಮೂಲ ವೇತನ, ತುಟ್ಟಿಭತ್ಯೆ ಕೂಡಿದ. ಇಪ್ಪತ್ತು ಸಾವಿರದ ಎಂಟುನೂರು. ಇಪ್ಪತ್ತಾರರಿಂದ ಭಾಗಿಸಿದರೆ ದಿನಕ್ಕೆ ಎಂಟುನೂರು. ರಜೆಯ ಹಣಕ್ಕೆ ದರ ಯಾವುದು? ನಿಯಮಾವಳಿ ಅವನ ತಲೆಯಲ್ಲಿ ತಾನಾಗಿಯೇ ತೆರೆದುಕೊಂಡಿತು: 'ನಿರ್ಗಮಿಸುವ ದಿನದಂದು ಪಡೆಯುತ್ತಿರುವ ಮೂಲ ವೇತನ ಮತ್ತು ತುಟ್ಟಿಭತ್ಯೆ.' ರಜೆ ಗಳಿಸಿದ ವರ್ಷದ ದರವಲ್ಲ. ಹತ್ತು ವರ್ಷದ ಹಿಂದೆ ಗಳಿಸಿದ ದಿನಕ್ಕೂ ಕಳೆದ ತಿಂಗಳು ಗಳಿಸಿದ ದಿನಕ್ಕೂ ಒಂದೇ ಬೆಲೆ, ಕೊನೆಯ ದಿನದ ಬೆಲೆ. ಐವತ್ತೆರಡು ಎಂಟುನೂರಲೆ ನಲವತ್ತೊಂದು ಸಾವಿರದ ಆರುನೂರು.

ಅಂಗಡಿ ಸಿಕ್ಕಿತು ಎಂದು ಮೊದಲು ಅನ್ನಿಸಿತು. ಮರುಕ್ಷಣ ಪೆನ್ನು ಕೆಳಗಿಟ್ಟ. ಯಾರು ನಂಬುತ್ತಾರೆ? ನೋಟಿಸು ಮುಂದಕ್ಕೆ ಹಾಕಿದವನು ತಮ್ಮ. ಹಾಕಿದ ಎರಡೇ ದಿನಕ್ಕೆ ಸಂಬಳ ಏರಿದೆ. ಏರಿದ ದರ ಹಿಡಿಯುವವನೂ ತಮ್ಮ. ಸುತ್ತೋಲೆಯ ಸುದ್ದಿ ಅವನಿಗೆ ಮೊದಲೇ ತಿಳಿದಿತ್ತು ಎಂದು ಕುಡಿಯುವ ನೀರಿನ ಟ್ಯಾಂಕಿನ ಹತ್ತಿರ ನಿಂತು ಮಾತಾಡಿಕೊಳ್ಳದಿದ್ದರೆ ಅದು ಆಸ್ಪತ್ರೆಯೇ ಅಲ್ಲ. ಹತ್ತೊಂಬತ್ತು ವರ್ಷ ಉಜ್ಜಿ ಉಜ್ಜಿ ಹೊಳಪೇರಿಸಿದ ಹೆಸರು!

ಅವನು ಕನ್ನಡಕ ಹಾಕಿಕೊಂಡು ನಿಯಮಾವಳಿಯನ್ನು ನಿಜವಾಗಿಯೂ ಓದಿದ. ತನ್ನ ಅಕ್ಕನಿಗೆ ಕಡಿಮೆ ಕೊಡಲು ಎಲ್ಲಾದರೂ ಒಂದು ಸಾಲು ಸಿಗುತ್ತದೆಯೇ ಎಂದು ಹುಡುಕಿದ. ನಾಲ್ಕು ದಿನದ ಹೆಚ್ಚುವರಿ ಸೇವೆಗೆ ಹೊಸದಾಗಿ ರಜೆ ಸೇರುವುದಿಲ್ಲ, ತಿಂಗಳ ಅರ್ಧವಾದರೂ ದುಡಿದಿರಬೇಕು ಎಂಬ ಸಾಲು ಸಿಕ್ಕಿತು. ಅಷ್ಟಕ್ಕೇ ನೀರಡಿಸಿದವನಿಗೆ ಒಂದು ಗುಟುಕು ಸಿಕ್ಕಂತೆ ಖುಷಿಪಟ್ಟ. ಬೇರೇನೂ ಸಿಗಲಿಲ್ಲ.

ನಾಲ್ಕನೇ ತಾರೀಖು ಬೆಳಿಗ್ಗೆ ಅವನು ಸಾಹೇಬರ ಕೋಣೆಗೆ ಹೋದ. ಅವರ ಮೇಜಿನ ಮೇಲೆ ನಾಲ್ಕು ಪೆನ್ನು, ಎಲ್ಲವೂ ಹೊಸವು. ಬಳಸಿದರೆ ತಾನೇ ಹಳೆಯದಾಗುವುದು. ವಿಷಯ ಕೇಳಿ ಸಾಹೇಬರು ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿದರು.

"ನಾಲ್ಕೇ ನಾಲ್ಕು ದಿನ ಹೊಸ ಸಂಬಳದಲ್ಲಿ ಕೆಲಸ ಮಾಡಿ, ಐವತ್ತೆರಡು ದಿನಕ್ಕೂ ಹೊಸ ದರ! ಭಲೇ ರೂಲ್ಸಣ್ಣ. ಅಕ್ಕನಿಗೆ ಒಳ್ಳೇ ಉಡುಗೊರೆ."

"ಸಾರ್, ನನಗೆ ಸುತ್ತೋಲೆ ಬರೋದು ಗೊತ್ತಿರಲಿಲ್ಲ."

"ನಾನು ನಂಬ್ತೀನಿ ರೀ. ಟ್ರಸ್ಟಿನವರು ನಂಬ್ತಾರಾ?" ಅವರು ದನಿ ತಗ್ಗಿಸಿದರು. "ಸುಮ್ಮನೆ ಯಾಕೆ ಮೈಮೇಲೆ ಎಳ್ಕೋತೀರಿ? ನಾನು ಅವರಿಗೆ ಆವತ್ತೇ ಹೇಳಿದ್ದೆ, ನೋಟಿಸು ಮುಂದಕ್ಕೆ ಹೋಗೋದು ಬೇಡ ಅಂತ. ಒಂದು ಚೀಟಿ ಟೈಪ್ ಮಾಡಿ. ಹೋದ ತಿಂಗಳ ತಾರೀಖು ಹಾಕಿ. ಸಹಿ ಹಾಕ್ತೀನಿ. ಮೂವತ್ತಕ್ಕೇ ಬಿಡುಗಡೆ ಆಯ್ತು ಅಂತ ಆಗುತ್ತೆ. ಹಳೇ ದರ. ನಿಮಗೂ ಹೆಸರು ಉಳೀತು, ನನಗೂ ತಲೆನೋವು ತಪ್ಪಿತು."

"ಈ ನಾಲ್ಕು ದಿನ ಅವರು ದುಡಿದಿದ್ದು?"

"ಅದನ್ನ ದಿನಗೂಲಿ ಅಂತ ಎಲ್ಲಾದ್ರೂ ಸೇರಿಸೋಣ. ಸಂಜೆಯೊಳಗೆ ಚೀಟಿ ತನ್ನಿ."

ರೂಲ್ಸಣ್ಣ ಹೊರಗೆ ಬಂದಾಗ ಅವನ ಕಾಲು ಹಗುರವಾಗಿತ್ತು, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಎಷ್ಟು ಸಲೀಸು! ಒಂದು ಚೀಟಿ. ಕಡಿಮೆ ಹಣ ಹೋಗುವುದು ಅವನ ಅಕ್ಕನಿಗೇ ಆದ್ದರಿಂದ ಇದನ್ನು ಮೋಸ ಎನ್ನುವವರೂ ಇಲ್ಲ, ತ್ಯಾಗ ಎಂದಾರು. ಅವನು ಟೈಪ್ ಯಂತ್ರಕ್ಕೆ ಕಾಗದ ಕೂಡ ಹಾಕಿದ. ಹೋದ ತಿಂಗಳ ತಾರೀಖು ಹೊಡೆದ. ಅಲ್ಲಿಗೆ ನಿಲ್ಲಿಸಿ, ನೀರು ಕುಡಿಯಲು ಎದ್ದ.

ಮರಳಿ ಬಂದಾಗ ಕಿಂಡಿಯ ಹೊರಗೆ ಅಕ್ಕ ನಿಂತಿದ್ದಳು. ಬಗ್ಗಿರಲಿಲ್ಲ. ಅವಳು ಯಾವತ್ತೂ ಆ ಕಿಂಡಿಗೆ ಬಗ್ಗಿದವಳಲ್ಲ. ಗಾಜಿನ ಮೇಲಿಂದಲೇ ಮಾತಾಡುತ್ತಿದ್ದಳು.

"ಟ್ಯಾಂಕಿನ ಹತ್ರ ಏನೇನೋ ಮಾತಾಡ್ಕೋತಿದಾರೆ. ತಮ್ಮ ಅಕ್ಕನಿಗಾಗಿ ಏನೋ ಕೈಚಳಕ ಮಾಡಿದಾನಂತೆ. ಏನೋ ಅದು?"

"ಏನೂ ಮಾಡಿಲ್ಲ ಅಕ್ಕ. ಇನ್ನೂ ಮಾಡಿಲ್ಲ."

"ನನಗೆ ಯಾರ ದಾನಾನೂ ಬೇಡ. ನಾನು ಬೇರೆಯವರ ಹತ್ರ ಸಾಲ ಕೇಳ್ಕೊಂಡು ಬಂದೆ, ಸಿಗಲಿಲ್ಲ, ಅದು ಬೇರೆ ವಿಷಯ. ಅಂಗಡಿ ಹೋದ್ರೆ ಹೋಗ್ಲಿ. ಕೆಲಸಾನೂ ಬಿಟ್ಟಾಗಿದೆ, ಮನೇಲಿ ಕೂತು ಗುಂಡಿ ಹೊಲಿದ್ರಾಯ್ತು. ಆದ್ರೆ ಲೆಕ್ಕ ಏನು ಅಂತ ಬಾಯಿಬಿಟ್ಟು ಹೇಳು." ಅವಳ ದನಿ ಗಟ್ಟಿಯಾಗಿತ್ತು. "ನಾನು ನಿನ್ನ ಅಕ್ಕ ಅಲ್ಲ ಅಂತಿಟ್ಕೋ. ಯಾರೋ ಬಟ್ಟೆ ಕೋಣೆಯವಳು. ಎಷ್ಟು ಬರುತ್ತೆ?"

ಅವನು ಹೇಳಿದ. ಒಂದನೇ ತಾರೀಖಿನ ಹಾಜರಿ, ಹೊಸ ವೇತನ, ಕೊನೆಯ ದಿನದ ದರ. "ನಲವತ್ತೊಂದು ಸಾವಿರದ ಆರುನೂರು."

ಅಕ್ಕನ ಕಣ್ಣು ಯಂತ್ರದಲ್ಲಿದ್ದ ಕಾಗದದ ಮೇಲೆ ಬಿತ್ತು, ಅಲ್ಲಿದ್ದ ತಾರೀಖಿನ ಮೇಲೆ ನಿಂತಿತು.

"ನಾನು ನಿನ್ನ ಅಕ್ಕ ಆದ್ರೆ?"

ರೂಲ್ಸಣ್ಣ ಕಾಗದವನ್ನು ಅಂಗೈಯಿಂದ ಮುಚ್ಚಿದ. "ಮೂವತ್ತಾರು ಸಾವಿರದ ನಾನೂರು" ಎಂದ.

"ಅಂದ್ರೆ ನಿನ್ನ ಅಕ್ಕ ಆಗಿ ಹುಟ್ಟಿದ್ದಕ್ಕೆ ಐದು ಸಾವಿರದ ಇನ್ನೂರು ದಂಡ." ಅವಳು ಸೆರಗು ಸರಿಮಾಡಿಕೊಂಡಳು. "ಸರಿ ಬಿಡಪ್ಪ. ನಾನಿನ್ನೂ ಎರಡನೇ ಮಹಡಿಯ ದಿಂಬಿನ ಚೀಲ ಎಣಿಸಿಕೊಡಬೇಕು. ಸಂಜೆ ತನಕ ನಿಮ್ಮ ಆಸ್ಪತ್ರೆಯ ಋಣ ಇದೆ."

ಅವಳು ಹೋದ ಮೇಲೆ ರೂಲ್ಸಣ್ಣ ಬಹಳ ಹೊತ್ತು ಯಂತ್ರದ ಮುಂದೆ ಕುಳಿತ. ಮುಖ ನೋಡಿ ಮಣೆ ಹಾಕುವುದಿಲ್ಲ ಎಂದು ಊರಿಗೆಲ್ಲ ಸಾರಿದ್ದವನು, ಒಂದು ಮುಖ ನೋಡಿಯೇ ಮಣೆ ಎಳೆಯಲು ಹೊರಟಿದ್ದ. ಮುಖ ಬೇರೆಯವರದಾಗಿದ್ದರೆ ಈ ಚೀಟಿಯ ಮಾತೆತ್ತಿದ ಸಾಹೇಬರಿಗೆ ಅವನು ನಿಯಮದ ಸಂಖ್ಯೆ ಸಮೇತ ಉತ್ತರ ಕೊಟ್ಟು ಬರುತ್ತಿದ್ದ. ಉಳಿಸಿಕೊಳ್ಳಲು ಹೊರಟಿದ್ದು ನಿಯಮವನ್ನಲ್ಲ, ತನ್ನ ಬಿರುದನ್ನು. ಇದು ಅವನಿಗೆ ಅರ್ಥವಾದಾಗ ಕಿವಿ ಬಿಸಿಯಾದವು. ಕಾಗದವನ್ನು ಕಿತ್ತು ಹರಿದ. ಹರಿಯುವಾಗಲೂ ಸಮನಾಗಿ ನಾಲ್ಕು ತುಂಡು ಮಾಡಿದ. ಅದು ಅವನ ಹುಟ್ಟುಗುಣ, ಅದಕ್ಕೇನೂ ಮಾಡುವಂತಿಲ್ಲ.

ಆಮೇಲೆ ಕೊನೆಯ ಲೆಕ್ಕದ ಹಾಳೆ ತೆಗೆದ. ಮೇಲ್ಗಡೆಯೇ ದಪ್ಪ ಅಕ್ಷರದಲ್ಲಿ 'ಇವರು ನನ್ನ ಅಕ್ಕ. ಆದ್ದರಿಂದ ಲೆಕ್ಕವನ್ನು ಇನ್ನೊಬ್ಬರು ಬೇರೆಯಾಗಿ ಮಾಡಿ ತಾಳೆ ನೋಡತಕ್ಕದ್ದು' ಎಂದು ಬರೆದ. ತನ್ನ ಅಂಕಿಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು, ಹಾಜರಿ, ರಜೆಯ ಕಾರ್ಡು, ಸುತ್ತೋಲೆ, ನಿಯಮಾವಳಿ ನಾಲ್ಕನ್ನೂ ಹಣದ ಕೌಂಟರಿನ ಕ್ಯಾಷಿಯರಮ್ಮನ ಮುಂದಿಟ್ಟ.

"ನನ್ನ ಲೆಕ್ಕ ತೋರಿಸಲ್ಲ. ನೀವೇ ಮಾಡಿ. ಮುಲಾಜು ಬೇಡ."

ಕ್ಯಾಷಿಯರಮ್ಮ ಮುಲಾಜು ಎಂಬ ಪದವನ್ನು ಕೇಳಿಯೇ ಗೊತ್ತಿಲ್ಲದ ಹೆಂಗಸು. "ನಿಮ್ಮ ಮೇಲೆ ಮುಲಾಜು ಯಾರಿಗಿದೆ ರೂಲ್ಸಣ್ಣ?" ಎಂದು ಕ್ಯಾಲ್ಕುಲೇಟರ್ ಹತ್ತಿರಕ್ಕೆ ಎಳೆದುಕೊಂಡಳು.

ಐದನೇ ತಾರೀಖು ಬೆಳಿಗ್ಗೆ ಅವನು ಹಾಳೆಯ ಜೊತೆ ಸಾಹೇಬರ ಮುಂದೆ ನಿಂತ. ಅಕ್ಕ ಹಿಂದಿನ ಸಂಜೆಯೇ ಬಿಡುಗಡೆಯಾಗಿದ್ದಳು. ಇಂದು ಹೊರಗಿನವಳಾಗಿ, ಕಾಯುವ ರೋಗಿಗಳ ಬೆಂಚಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುದಿ ದರ್ಜಿ ಎರಡು ಸಲ ಫೋನು ಮಾಡಿದ್ದ. ಪಾತ್ರೆ ಅಂಗಡಿಯವನು ಹಣ ಎಣಿಸಿಟ್ಟುಕೊಂಡಿದ್ದಾನಂತೆ.

"ಚೀಟಿ ಎಲ್ಲಿ?" ಎಂದರು ಸಾಹೇಬರು.

"ಚೀಟಿ ಇಲ್ಲ ಸಾರ್. ನಾಲ್ಕನೇ ತಾರೀಖಿನ ತನಕ ಅವರು ಕೆಲಸದಲ್ಲಿದ್ರು. ನೀವು ಬಾಯಲ್ಲಿ ಹೇಳಿದ್ದನ್ನ ಆವತ್ತೇ ಬರೆದುಕೊಟ್ಟಿದ್ರೆ ನಾನು ಅವರನ್ನ ನಾಲ್ಕು ದಿನ ದುಡಿಸ್ತಾನೇ ಇರಲಿಲ್ಲ."

"ಹಾಗಾದ್ರೆ ಮೂವತ್ತರಿಂದ ಭಾಗಿಸಿ. ತಿಂಗಳಿಗೆ ಮೂವತ್ತು ದಿನ ತಾನೇ? ಹೊಸ ದರಾನೂ ಆಯ್ತು, ಹಣಾನೂ ಕಮ್ಮಿ ಆಯ್ತು."

"ಆಗಲ್ಲ ಸಾರ್. ರಜೆ ಕಳೆಯೋವಾಗ ವಾರದ ರಜೆಯನ್ನ ನಾವು ಎಣಿಸಲ್ಲ. ಶುಕ್ರವಾರದಿಂದ ಮಂಗಳವಾರದ ತನಕ ಅವರು ಬಣ್ಣ ಹೊಡೆಸಿದ್ರು. ಐದು ದಿನ ಆದ್ರೂ ಕಳೆದಿದ್ದು ನಾಲ್ಕೇ, ಭಾನುವಾರ ಬಿಟ್ಟು. ಹಾಗೆ ಉಳಿದ ಐವತ್ತೆರಡು ಅಂದ್ರೆ ಐವತ್ತೆರಡು ಕೆಲಸದ ದಿನ. ಕೆಲಸದ ದಿನಕ್ಕೆ ದರ ಬೇಕಾದ್ರೆ ತಿಂಗಳ ಕೆಲಸದ ದಿನದಿಂದಲೇ ಭಾಗಿಸಬೇಕು, ಇಪ್ಪತ್ತಾರರಿಂದ. ಎಣಿಸೋವಾಗ ಒಂದು ಅಳತೆ, ಭಾಗಿಸೋವಾಗ ಇನ್ನೊಂದು ಅಂದ್ರೆ ತೂಕದ ಬಟ್ಟು ಬದಲಾಯಿಸಿದ ಹಾಗೆ."

ಸಾಹೇಬರ ಮುಖ ಕೆಂಪಾಯಿತು. "ರೀ, ಇದನ್ನ ಟ್ರಸ್ಟಿಗೆ ಕಳಿಸ್ತೀನಿ. ಮುಂದಿನ ಸಭೆಯಲ್ಲಿ ತೀರ್ಮಾನ ಆಗ್ಲಿ. ಗುಮಾಸ್ತ ತನ್ನ ಅಕ್ಕನ ನೋಟಿಸು ಎಳೆದು ಹೆಚ್ಚು ಹಣ ಕೊಡಿಸ್ತಿದಾನೆ ಅಂತ ಹೇಳ್ತೀನಿ. ಆಗ ನಿಮ್ಮ ಗತಿ?"

ಸಭೆ ಎಂದರೆ ಮೂರು ವಾರ. ಅಂಗಡಿ ಎಂದರೆ ಇವತ್ತು ಸಂಜೆ. ಬಾಗಿಲ ಗಾಜಿನಾಚೆ ಬೆಂಚಿನಲ್ಲಿ ಕೂತ ಅಕ್ಕನ ತಲೆ ಕಾಣುತ್ತಿತ್ತು. ರೂಲ್ಸಣ್ಣ ಹಾಳೆಯನ್ನು ಮೇಜಿನ ಮೇಲಿಟ್ಟು ಸಾಹೇಬರ ಕಡೆಗೆ ತಿರುಗಿಸಿದ.

"ಹೇಳಿ ಸಾರ್. ಅಕ್ಕ ಅಂತ ನಾನೇ ಮೇಲೆ ಬರೆದಿದೀನಿ. ಕ್ಯಾಷಿಯರಮ್ಮ ಬೇರೆ ಮಾಡಿದ ಲೆಕ್ಕಾನೂ ಕೆಳಗಿದೆ, ನಲವತ್ತೊಂದು ಸಾವಿರದ ಆರುನೂರೇ. ಹಾಳೆ ಕಳಿಸಬೇಕಾದ್ರೆ ಇಲ್ಲಿ, ಈ ಖಾಲಿ ಜಾಗದಲ್ಲಿ, ಯಾಕೆ ಒಪ್ಪಲಿಲ್ಲ ಅಂತ ತಾವು ಸ್ವಹಸ್ತದಲ್ಲಿ ಕಾರಣ ಬರೆದು ಇವತ್ತಿನ ತಾರೀಖು ಹಾಕಬೇಕು. ಯಾವ ನಿಯಮದ ಪ್ರಕಾರ ಅಂತಾನೂ. ಪೆನ್ನು ಇಲ್ಲೇ ಇದೆ."

ಸಾಹೇಬರು ಖಾಲಿ ಜಾಗವನ್ನು ನೋಡಿದರು. ಎರಡು ಬೆರಳಗಲದ ಬಿಳಿ ಜಾಗ. ಒಂದು ಪೆನ್ನು ಕೈಗೆತ್ತಿಕೊಂಡರು, ಮುಚ್ಚಳ ತೆಗೆದರು. ಕಾಗದಕ್ಕೆ ತಾಗಿಸುವ ಮೊದಲು ಮತ್ತೆ ಮುಚ್ಚಳ ಹಾಕಿದರು. ಕಿಟಕಿಯ ಕಡೆ ನೋಡಿದರು. ಎಕ್ಸ್-ರೇ ಕೋಣೆಯಿಂದ ಯಾರೋ 'ಉಸಿರು ಬಿಗಿ ಹಿಡೀರಿ' ಎಂದು ಕೂಗಿದ್ದು ಕೇಳಿಸಿತು. ಕೋಣೆಯಲ್ಲಿದ್ದ ಇಬ್ಬರೂ ಹಿಡಿದೇ ಇದ್ದರು.

"ನನಗೆ ರೌಂಡ್ಸಿಗೆ ಹೊತ್ತಾಯ್ತು" ಎಂದರು ಸಾಹೇಬರು ಕೊನೆಗೆ. ಕೆಳಗಡೆ, ಬರೆಯಲು ಏನೂ ಇಲ್ಲದ ಜಾಗದಲ್ಲಿ, ಸೊಳ್ಳೆ ಹೊಡೆದಂತೆ ಒಂದು ಸಹಿ ಎಳೆದು ಎದ್ದರು. ಬಾಗಿಲು ದಾಟಿ ಅರ್ಧ ದೇಹ ಹೋದ ಮೇಲೆ ಹಿಂದಿನಿಂದ ಮಾತು ಬಂತು: "ನಾನು ಏನೂ ಹೇಳಿಲ್ಲ ಅಂತಿಟ್ಕೊಳ್ಳಿ."

ಹಣ ಮಧ್ಯಾಹ್ನದೊಳಗೆ ಅಕ್ಕನ ಖಾತೆಗೆ ಹೋಯಿತು. ರಸೀತಿಗೆ ಸಹಿ ಹಾಕಲು ಅವಳು ಕಿಂಡಿಯ ಬಳಿ ಬಂದಳು. ಹಾಳೆಯ ನೆತ್ತಿಯ ಮೇಲಿದ್ದ 'ಇವರು ನನ್ನ ಅಕ್ಕ' ಎಂಬ ಸಾಲನ್ನು ಓದಿದಳು. ಇನ್ನೊಮ್ಮೆ ಓದಿದಳು.

"ಇದನ್ನ ಊರಿಗೆಲ್ಲ ಬರೆದು ತಿಳಿಸಬೇಕಿತ್ತಾ?"

"ನಿಯಮ ಅಕ್ಕ."

"ನಿನ್ನ ನಿಯಮಕ್ಕೆ ಬೆಂಕಿ ಹಾಕ" ಎಂದಳು, ಸಿಟ್ಟಿಲ್ಲದೆ. "ನಾಲ್ಕು ದಿನ ನನ್ನನ್ನ ಒಬ್ಬಳೇ ಕೂತು ಉಣ್ಣೋ ಹಾಗೆ ಮಾಡಿದೆಯಲ್ಲೋ. ಅದಕ್ಕೆ ಯಾವ ದರ?" ಉತ್ತರಕ್ಕೆ ಕಾಯದೆ ಕೈಚೀಲ ಬಗಲಿಗೆ ಏರಿಸಿ ಹೊರಟಳು. ಮಾರುಕಟ್ಟೆಗೆ ಅರ್ಧ ಗಂಟೆಯ ದಾರಿ. ಅವಳು ಬಸ್ಸಿಗೂ ಕಾಯಲಿಲ್ಲ.

ಸಂಜೆ, ಮನೆಗೆ ಹೊರಡುವ ಹೊತ್ತಿಗೆ, ಆಂಬುಲೆನ್ಸ್ ಡ್ರೈವರ್ ಕಿಂಡಿಗೆ ಬಗ್ಗಿದ. ಹಿಂದೆ ಮುಂದೆ ನೋಡಿ, ಗುಟ್ಟು ಹೇಳುವವನ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದ.

"ಅಣ್ಣಾ, ನಾನೂ ಬಿಡೋಣ ಅಂತಿದೀನಿ. ನನಗೂ ನೋಟಿಸಲ್ಲಿ ಒಂದು ನಾಲ್ಕು ದಿನ ರಜೆ ಹಾಕಿಸಿ, ಹಾಗೇ ಸ್ವಲ್ಪ ಮುಂದಕ್ಕೆ ಎಳೆದುಕೊಡಿ. ನಿಮ್ಮ ಅಕ್ಕನಿಗೆ ಎಳೆದುಕೊಟ್ರಲ್ಲ, ಹಾಗೆ. ಎಷ್ಟು ಏರುತ್ತೆ?"

ವಾರದ ಹಿಂದಾಗಿದ್ದರೆ ರೂಲ್ಸಣ್ಣ ಎದ್ದು ನಿಂತು, ತನ್ನ ಹತ್ತೊಂಬತ್ತು ವರ್ಷದ ನಿಷ್ಪಕ್ಷಪಾತದ ಚರಿತ್ರೆಯನ್ನು ಮೊದಲಿನಿಂದ ಒಪ್ಪಿಸುತ್ತಿದ್ದ. ಈಗ ಅವನು ಕೂತಲ್ಲೇ ಹೊತ್ತಿನ ಲೆಕ್ಕ ಹಾಕಿದ. ಸಂಬಳ ತಿಂಗಳು ತಿಂಗಳೂ ಏರುವುದಿಲ್ಲ, ರಜೆ ಹಾಕಿದರೆ ಉಳಿಕೆಯಲ್ಲಿ ನಾಲ್ಕು ದಿನ ಕಮ್ಮಿಯೇ ಆಗುತ್ತದೆ ಎಂದು ಇವನಿಗೆ ತಿಳಿಸಲು ಸಾಕಷ್ಟು ಹೊತ್ತು ಹಿಡಿಯುವಂತಿತ್ತು. ಅಕ್ಕನ ವಿಷಯದಲ್ಲಿ ಇವನು ಏನು ನಂಬಿದ್ದಾನೋ ಅದನ್ನು ತಿದ್ದಲು ಇನ್ನೂ ಹೆಚ್ಚು ಹೊತ್ತು ಬೇಕು, ಬಹುಶಃ ಆಗುವುದೂ ಇಲ್ಲ.

"ಬಗ್ಗಿ ನಿಂತ್ರೆ ಸೊಂಟ ನೋಯುತ್ತೆ" ಎಂದ ಅವನು. "ಒಳಗೆ ಬಾ, ಕುರ್ಚಿ ಎಳ್ಕೋ. ನಿನ್ನ ರಜೆ ಎಷ್ಟು ಉಳಿದಿದೆ ಮೊದಲು ನೋಡೋಣ."